ಕ್ಯಾಲ್ಸಿಯಂ ನೈಟ್ರೇಟ್ ಚೀಲದೊಳಗಿನ ನೈಟ್ರೇಟ್ ಎಲ್ಲಿಂದ ಬರುತ್ತದೆ?

ಮುಳಬಾಗಿಲು ಟೊಮೆಟೊ:
ಎಲ್ಲರಿಗೂ ನಮಸ್ಕಾರ. ಡ್ರಿಪ್‌ಗೆ ಹಾಕುವ ಕ್ಯಾಲ್ಸಿಯಂ ನೈಟ್ರೇಟ್ ಚೀಲ 25 ಕೆಜಿದು. ಮೇಲೆ ಒಟ್ಟು ಸಾರಜನಕ 15.5%, ಅದರಲ್ಲಿ ನೈಟ್ರೇಟ್ ರೂಪದ್ದು 14.4%, ಅಮೋನಿಯಾ ರೂಪದ್ದು 1.1% ಅಂತ ಬರೆದಿದ್ದಾರೆ. ಯೂರಿಯಾ ಮಾಡೋದು ಹೇಗೆ ಅಂತ ಅಲ್ಪಸ್ವಲ್ಪ ಗೊತ್ತು. ಆದರೆ ಈ ನೈಟ್ರೇಟನ್ನು ಹೇಗೆ ಮಾಡುತ್ತಾರೆ? ನೈಟ್ರಿಕ್ ಆಸಿಡ್‌ನಿಂದ ಅಂತ ಒಬ್ಬರು ಹೇಳಿದರು. ಹಾಗಾದರೆ ಆ ಆಸಿಡ್ ಎಲ್ಲಿಂದ? ಮಗಳು ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಅವಳ ಪುಸ್ತಕದಲ್ಲಿ ಮೂರು ಸಮೀಕರಣ ಇವೆ ಅಷ್ಟೇ. ಕಾರ್ಖಾನೆಯೊಳಗೆ ನಿಜವಾಗಿ ಏನು ನಡೆಯುತ್ತದೆ ಅಂತ ಗೊತ್ತಿರುವವರು ಹೇಳಿ.

ಗೊಬ್ಬರದಂಗಡಿ:
ಅಣ್ಣ, ಸಿಂಪಲ್. ಗಾಳಿಯಿಂದ ಅಮೋನಿಯಾ, ಅಮೋನಿಯಾದಿಂದ ನೈಟ್ರಿಕ್ ಆಸಿಡ್, ಆಸಿಡ್‌ನಿಂದ ಯೂರಿಯಾ, ನೈಟ್ರೇಟ್, ಡಿಎಪಿ ಎಲ್ಲಾ. ನೈಟ್ರಿಕ್ ಆಸಿಡ್ ಇಲ್ಲದೆ ಯಾವ ಗೊಬ್ಬರವೂ ಇಲ್ಲ. ಇಪ್ಪತ್ತು ವರ್ಷದಿಂದ ಮಾರುತ್ತಿದ್ದೇನೆ.

ಟರ್ಬೈನ್ ಅಕ್ಕ:
ಮೊದಲ ಎರಡು ಹೆಜ್ಜೆ ಸರಿ ಇದೆ, ಮುಂದಿನದು ಇಲ್ಲ. ಯೂರಿಯಾಗೆ ನೈಟ್ರಿಕ್ ಆಸಿಡ್ ಒಂದು ತೊಟ್ಟೂ ಬೇಡ. ಅದು ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್ ಸೇರಿ ಆಗೋದು. ಅಮೋನಿಯಾ ಮಾಡುವಾಗ ಆ ಕಾರ್ಬನ್ ಡೈಆಕ್ಸೈಡ್ ಹೇಗೂ ಹೊರಬರುತ್ತದೆ, ಅದನ್ನೇ ಹಿಡಿದು ಬಳಸುತ್ತಾರೆ. ಡಿಎಪಿಗೆ ಬೇಕಾದದ್ದು ಫಾಸ್ಫರಿಕ್ ಆಸಿಡ್. ಮಂಗಳೂರು ಪಣಂಬೂರಿನ ಎಂಸಿಎಫ್‌ನಲ್ಲಿ ಯೂರಿಯಾ, ಡಿಎಪಿ ಎರಡೂ ಆಗುತ್ತವೆ, ಅವಕ್ಕೆ ನೈಟ್ರಿಕ್ ಆಸಿಡ್‌ನ ಹಂಗೇ ಇಲ್ಲ. ಚೀಲದ ಮೇಲೆ "ನೈಟ್ರೇಟ್" ಅಂತ ಇದ್ದರೆ ಮಾತ್ರ ಈ ಆಸಿಡ್‌ನ ಕಥೆ ಬರುತ್ತದೆ. ನಮ್ಮ ದೇಶದಲ್ಲಿ ಭರೂಚ್‌ನ ಜಿಎನ್‌ಎಫ್‌ಸಿ, ಮುಂಬೈ ಟ್ರಾಂಬೆಯ ಆರ್‌ಸಿಎಫ್, ತಳೋಜಾದ ದೀಪಕ್ ಇವು ದೊಡ್ಡ ಹೆಸರುಗಳು.

ನಾನು ಪಶ್ಚಿಮ ಕರಾವಳಿಯ ಒಂದು ನೈಟ್ರಿಕ್ ಆಸಿಡ್ ಪ್ಲಾಂಟ್‌ನಲ್ಲಿ ಶಿಫ್ಟ್ ಇಂಜಿನಿಯರ್ ಆಗಿದ್ದೆ. ಸಂಜೆ ಕೂತು ಬರೆಯುತ್ತೇನೆ.

ಗೊಬ್ಬರದಂಗಡಿ:
ಡಿಎಪಿ ಒಪ್ಪಿದೆ ಅಕ್ಕ. ಯೂರಿಯಾದ ಬಗ್ಗೆ ಕಂಪನಿಯವರು ಮೀಟಿಂಗ್‌ನಲ್ಲಿ ಬೇರೆ ಏನೋ ಹೇಳಿದ ನೆನಪು. ಇರಲಿ, ಬರೆಯಿರಿ, ಓದೋಣ.

ನಗರ್ತಪೇಟೆ ಕುಲುಮೆ:
ನಮಗೂ ನೈಟ್ರಿಕ್ ಆಸಿಡ್ ಬೇಕು, ಚಿನ್ನ ಶುದ್ಧ ಮಾಡೋಕೆ. ಈಗ ಬರುವ ಮಾಲು ಸರಿ ಇಲ್ಲ, ತಾಮ್ರ ಬೇಗ ಕರಗುವುದಿಲ್ಲ. ನೇರ ಫ್ಯಾಕ್ಟರಿಯಿಂದ ಕ್ಯಾನ್ ಲೆಕ್ಕದಲ್ಲಿ ಸಿಗುತ್ತಾ? ಯಾರಾದರೂ ನಂಬರ್ ಕೊಡಿ.

ಮುಳಬಾಗಿಲು ಟೊಮೆಟೊ:
ಅಣ್ಣ, ಇಲ್ಲಿ ಮಾರಾಟ ಅಲ್ಲ, ಮಾಡೋದು ಹೇಗೆ ಅಂತ ಮಾತು.

ರಸಾಯನ ಮೇಷ್ಟ್ರು:
ಕಾಲೇಜಿನಲ್ಲಿ ಪಾಠ ಮಾಡುವವನು ನಾನು, ಸ್ವಲ್ಪ ಸೇರಿಸುತ್ತೇನೆ. ಬಿಸಿ ಪ್ಲಾಟಿನಂ ಮೇಲೆ ಅಮೋನಿಯಾ ಮತ್ತು ಗಾಳಿ ಹಾಯಿಸಿದರೆ ಸಾರಜನಕದ ಆಕ್ಸೈಡ್ ಬರುತ್ತದೆ ಅಂತ ಫ್ರಾನ್ಸಿನ ಕುಲ್‌ಮನ್ 1838ರಲ್ಲೇ ತೋರಿಸಿದ್ದರು. ಆಗ ಅಮೋನಿಯಾವೇ ದುಬಾರಿ, ಚಿಲಿ ದೇಶದ ಮರುಭೂಮಿಯಿಂದ ನೈಟ್ರೇಟ್ ಉಪ್ಪು ಅಗೆದು ತರೋದು ಸುಲಭವಾಗಿತ್ತು. ಹಾಗಾಗಿ ಅದು ಹಾಗೇ ಉಳಿಯಿತು. ಜರ್ಮನಿಯ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ 1902ರಲ್ಲಿ ಪೇಟೆಂಟ್ ತೆಗೆದುಕೊಂಡರು, ಅದಕ್ಕೇ ಅವರ ಹೆಸರು. ಪ್ರಕ್ರಿಯೆ ಇಷ್ಟೇ:

```
4NH3 + 5O2 → 4NO + 6H2O
2NO + O2 → 2NO2
3NO2 + H2O → 2HNO3 + NO
```

ಮೊದಲ ಹಂತದಲ್ಲಿ ಪ್ಲಾಟಿನಂ ವೇಗವರ್ಧಕ. ವೇಗವರ್ಧಕ ಖರ್ಚಾಗುವುದಿಲ್ಲ, ಒಮ್ಮೆ ಹಾಕಿದರೆ ಮುಗಿಯಿತು. ಬಿಸಿ ಜಾಸ್ತಿ ಆದಷ್ಟೂ ಮೂರೂ ಹಂತ ಬೇಗ ಆಗುತ್ತವೆ.

ಟರ್ಬೈನ್ ಅಕ್ಕ:
ಮೇಷ್ಟ್ರೇ, ಚರಿತ್ರೆ ಚೆನ್ನಾಗಿ ಹೇಳಿದಿರಿ. ಆದರೆ ನಿಮ್ಮ ಕೊನೆಯ ಎರಡು ವಾಕ್ಯ ನಂಬಿ ಪ್ಲಾಂಟ್ ಓಡಿಸಿದರೆ ಒಂದೇ ವಾರದಲ್ಲಿ ಮ್ಯಾನೇಜರ್ ಕೆಲಸದಿಂದ ತೆಗೀತಾರೆ. ಎರಡೂ ಯಾಕೆ ತಪ್ಪು ಅಂತ ಹೇಳುತ್ತಾ ಹೋದರೆ ಪ್ಲಾಂಟ್ ಪೂರ್ತಿ ಅರ್ಥವಾಗುತ್ತದೆ.

ಮೊದಲು ಬರ್ನರ್. ಫಿಲ್ಟರ್ ಆದ ಗಾಳಿ ಕಂಪ್ರೆಸರ್‌ನಿಂದ ಬರುತ್ತದೆ, ಅದಕ್ಕೆ ಅಮೋನಿಯಾ ಅನಿಲ ಬೆರೆಸುತ್ತೇವೆ. ನೂರು ಪಾಲಿನಲ್ಲಿ ಹತ್ತು ಪಾಲಿನ ಆಸುಪಾಸು ಅಮೋನಿಯಾ. ಇನ್ನೂ ಹೆಚ್ಚು ಹಾಕಿದರೆ ಲಾಭ ಅಲ್ವಾ ಅನ್ನಿಸಬಹುದು. ಆದರೆ 15% ಹತ್ತಿರ ಹೋದರೆ ಆ ಮಿಶ್ರಣವೇ ಸಿಡಿಯುವಂಥದ್ದು. ಹಾಗಾಗಿ ಅಮೋನಿಯಾ ಪಾಲು ಮೇಲೆ ಏರಿದರೆ ಪ್ಲಾಂಟ್ ತಾನೇ ಟ್ರಿಪ್ ಆಗುವ ಹಾಗೆ ಇಟ್ಟಿರುತ್ತಾರೆ. ಆ ಮಿಶ್ರಣ ಪ್ಲಾಟಿನಂ ಜಾಲರಿಯ ಮೂಲಕ ಹಾಯುತ್ತದೆ. ಕೂದಲಿಗಿಂತ ಸಣ್ಣ ಎಳೆಯಲ್ಲಿ ನೇಯ್ದ, ಹಲವು ಪದರದ ಜಾಲರಿ. ನಾವು ಗಾಜ್ ಅಂತಲೇ ಕರೆಯೋದು. ಅದರಲ್ಲಿ 5ರಿಂದ 10% ರೋಡಿಯಂ ಸೇರಿರುತ್ತದೆ. ಅನಿಲ ಅದರ ಜೊತೆ ಇರೋದು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲೇ ಅಮೋನಿಯಾದ 95% ಆಸುಪಾಸು NO ಆಗುತ್ತದೆ. ಜಾಲರಿ 850ರಿಂದ 930 ಡಿಗ್ರಿಯಲ್ಲಿ ಕೆಂಪು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿರುತ್ತದೆ. ಹೊರಗಿನಿಂದ ಶಾಖ ಕೊಡುವುದಿಲ್ಲ. ಸ್ಟಾರ್ಟ್ ಮಾಡುವಾಗ ಹೈಡ್ರೋಜನ್ ಜ್ವಾಲೆಯಿಂದ ಹೊತ್ತಿಸುತ್ತೇವೆ, ಆಮೇಲೆ ತನ್ನ ಬಿಸಿಯಲ್ಲಿ ತಾನೇ ನಡೆಯುತ್ತದೆ. ಆ ಬಿಸಿಯಿಂದ ಬಾಯ್ಲರ್‌ನಲ್ಲಿ ಹಬೆ ಮಾಡಿಕೊಳ್ಳುತ್ತೇವೆ.

ಇಲ್ಲಿ ಮುಖ್ಯ ವಿಷಯ ಒಂದಿದೆ. ಅಮೋನಿಯಾ ನಿಜವಾಗಿ ಆಗಲು ಇಷ್ಟಪಡೋದು NO ಅಲ್ಲ. ಅದು ಸುಮ್ನೆ ಉರಿದರೆ ಸಾರಜನಕ ಮತ್ತು ನೀರು ಆಗಿಬಿಡುತ್ತದೆ, ಅಂದರೆ ಬಂದಲ್ಲಿಗೇ ವಾಪಸ್. ಪ್ಲಾಟಿನಂನ ಕೆಲಸ ಬರೀ ವೇಗ ಹೆಚ್ಚಿಸೋದಲ್ಲ, ದಾರಿ ಆರಿಸೋದು. ಅದಕ್ಕೇ ಅಷ್ಟು ಕಡಿಮೆ ಹೊತ್ತು. ಜಾಲರಿ ತಂಪಾದರೂ ಕೆಟ್ಟದ್ದು, ಅತಿಯಾಗಿ ಕಾದರೂ ಕೆಟ್ಟದ್ದು.

ಈಗ "ಖರ್ಚಾಗುವುದಿಲ್ಲ" ಅನ್ನೋ ಮಾತು. ಆ ಬಿಸಿಯಲ್ಲಿ ಪ್ಲಾಟಿನಂ ಆಕ್ಸೈಡ್ ಆಗಿ ಆವಿಯಾಗಿ ಹೋಗುತ್ತಲೇ ಇರುತ್ತದೆ. ಹೆಚ್ಚು ಒತ್ತಡದ ಪ್ಲಾಂಟ್‌ನಲ್ಲಿ ಒಂದು ಟನ್ ಆಸಿಡ್‌ಗೆ ಕಾಲು ಗ್ರಾಂ ಹತ್ತಿರ, ಕಡಿಮೆ ಒತ್ತಡದ ಪ್ಲಾಂಟ್‌ನಲ್ಲಿ ಅದರ ಐದನೇ ಒಂದು ಭಾಗ. ಕಾಲು ಗ್ರಾಂ ಏನು ಮಹಾ ಅನ್ನಬೇಡಿ. ದಿನಕ್ಕೆ ಸಾವಿರ ಟನ್ ಮಾಡುವ ಕಡೆ ಅದು ಕಾಲು ಕೆಜಿ ಪ್ಲಾಟಿನಂ! ಅದಕ್ಕೇ ಕೆಳಗೆ ಪಲ್ಲೇಡಿಯಂ ಜಾಲರಿ ಹಾಕಿ ಹಾರಿಹೋಗುವುದರಲ್ಲಿ ಒಂದು ಪಾಲನ್ನು ಹಿಡಿಯುತ್ತಾರೆ. ಹೆಚ್ಚು ಒತ್ತಡದ ಪ್ಲಾಂಟ್‌ನಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಗಾಜ್ ಬದಲಾಯಿಸಬೇಕು.

ರಸಾಯನ ಮೇಷ್ಟ್ರು:
ಆವಿಯಾಗೋದು ವೇಗವರ್ಧನೆಯ ಭಾಗ ಅಲ್ಲ, ಅದು ಸವೆತ. ತತ್ವದಲ್ಲಿ ನನ್ನ ಮಾತು ಸರಿ ಇದೆ.

ಟರ್ಬೈನ್ ಅಕ್ಕ:
ತತ್ವದಲ್ಲಿ ಸರಿ ಮೇಷ್ಟ್ರೇ, ಬಿಲ್ ಮಾತ್ರ ಬರುತ್ತದೆ 🙂

ಹೊಲದ ಹುಡುಗ:
ನಂದು ಬೇರೆ ಸಮಸ್ಯೆ. ಕ್ಯಾಲ್ಸಿಯಂ ನೈಟ್ರೇಟ್ ಜೊತೆ 12:61:00 ಒಂದೇ ಡ್ರಮ್‌ನಲ್ಲಿ ಕಲಸಿ ಬಿಟ್ಟೆ. ಮಜ್ಜಿಗೆ ಥರ ಬೆಳ್ಳಗಾಯಿತು. ಈಗ ಅರ್ಧ ಎಕರೆ ಲ್ಯಾಟರಲ್‌ನಲ್ಲಿ ನೀರೇ ಬರುತ್ತಿಲ್ಲ. ಗೊಬ್ಬರ ನಕಲಿನಾ?

ಮುಳಬಾಗಿಲು ಟೊಮೆಟೊ:
ನಕಲಿ ಅಲ್ಲ ತಮ್ಮಾ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದರೆ ಕರಗದ ಪುಡಿ ಆಗುತ್ತದೆ. ಸಲ್ಫೇಟ್ ಇರುವ 0:0:50 ಜೊತೆಗೂ ಹಾಗೇ, ಜಿಪ್ಸಂ ಕೂರುತ್ತದೆ. ಕ್ಯಾಲ್ಸಿಯಂ ನೈಟ್ರೇಟ್ ಬೇರೆ ದಿನ ಬಿಡಬೇಕು. ಲ್ಯಾಟರಲ್‌ಗೆ ಆಸಿಡ್ ಟ್ರೀಟ್‌ಮೆಂಟ್ ಮಾಡಿಸಿ, ಡ್ರಿಪ್ ಕಂಪನಿಯವರನ್ನು ಕರೆಸಿ. ನೀವೇ ಸುರಿಯೋಕೆ ಹೋಗಬೇಡಿ.

ಅಕ್ಕ, ಎರಡನೇ ಹಂತ ಹೇಳಿ. ಬಿಸಿ ಆದಷ್ಟೂ ಬೇಗ ಅನ್ನೋದು ಯಾಕೆ ತಪ್ಪು?

ಟರ್ಬೈನ್ ಅಕ್ಕ:
ನನಗೆ ತುಂಬಾ ಇಷ್ಟವಾದ ಭಾಗ ಇದು. NO ಆಮ್ಲಜನಕದ ಜೊತೆ ಸೇರಿ NO2 ಆಗೋದು ತಂಪಾದಷ್ಟೂ ಬೇಗ ನಡೆಯುತ್ತದೆ. ಬಿಸಿ ಮಾಡಿದರೆ ನಿಧಾನ. ಹೀಗೆ ಉಲ್ಟಾ ನಡೆಯುವ ಪ್ರತಿಕ್ರಿಯೆಗಳು ತೀರಾ ಕಡಿಮೆ. ಜೊತೆಗೆ ಒತ್ತಡ ಬೇಕು. ಒತ್ತಡ ಇಮ್ಮಡಿಯಾದರೆ ವೇಗ ಎಂಟು ಪಟ್ಟಾಗುತ್ತದೆ, ಯಾಕೆಂದರೆ ಮೂರು ಅಣು ಒಟ್ಟಿಗೆ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಬರ್ನರ್ ದಾಟಿದ ಮೇಲೆ ನಮ್ಮ ಕೆಲಸವೆಲ್ಲ ಒಂದೇ, ತಂಪು ಮಾಡು, ಒತ್ತಡ ಹಿಡಿ. ಆದರೆ ಬರ್ನರ್‌ಗೆ ಕಡಿಮೆ ಒತ್ತಡ ಒಳ್ಳೆಯದು, ಪ್ಲಾಟಿನಂ ಕಮ್ಮಿ ಹೋಗುತ್ತದೆ, NO ಜಾಸ್ತಿ ಬರುತ್ತದೆ. ಮುಂದೆ ಆಸಿಡ್ ಆಗುವ ಟವರ್‌ಗೆ ಹೆಚ್ಚು ಒತ್ತಡ ಒಳ್ಳೆಯದು. ಈ ಜಗಳ ಬಿಡಿಸೋಕೆ ದೊಡ್ಡ ಪ್ಲಾಂಟ್‌ಗಳಲ್ಲಿ ನಡುವೆ ಇನ್ನೊಂದು ಕಂಪ್ರೆಸರ್ ಇಟ್ಟು ಎರಡು ಒತ್ತಡದಲ್ಲಿ ಓಡಿಸುತ್ತಾರೆ.

ಆಮೇಲೆ ಟವರ್. ಎತ್ತರದ ಸ್ಟೀಲ್ ಕಂಬ, ಒಳಗೆ ಒಂದರ ಮೇಲೊಂದು ತಟ್ಟೆಗಳು, ತಟ್ಟೆಗಳ ಮೇಲೆ ತಂಪು ನೀರಿನ ಕಾಯಿಲ್. ಮೇಲಿನಿಂದ ಶುದ್ಧ ನೀರು ಇಳಿಯುತ್ತದೆ, ಕೆಳಗಿನಿಂದ ಅನಿಲ ಏರುತ್ತದೆ. ಮೇಷ್ಟ್ರ ಮೂರನೇ ಸಾಲು ನೋಡಿ. ಮೂರು NO2 ಒಳಗೆ ಹೋದರೆ ಎರಡು ಆಸಿಡ್ ಆಗುತ್ತದೆ, ಒಂದು NO ವಾಪಸ್ ಹೊರಗೆ ಬರುತ್ತದೆ. ಅದು ಮತ್ತೆ ಆಮ್ಲಜನಕ ಹಿಡಿದು NO2 ಆಗಬೇಕು, ಅದಕ್ಕೆ ಹೊತ್ತು ಬೇಕು. ಆದ್ದರಿಂದ ಟವರ್‌ನ ಬಹುಪಾಲು ಖಾಲಿ ಜಾಗ. ಮೇಲೆ ಹೋದಂತೆ ಅನಿಲ ತೆಳುವಾಗುತ್ತದೆ, ತಟ್ಟೆಗಳ ನಡುವಿನ ಅಂತರ ಹೆಚ್ಚಾಗುತ್ತದೆ. ಹೊಸಬರು "ಇಷ್ಟು ಖಾಲಿ ಯಾಕೆ" ಅಂತ ಕೇಳಿಯೇ ಕೇಳುತ್ತಾರೆ.

ಕೆಳಗೆ ಬರೋದು 60% ಆಸುಪಾಸಿನ ಆಸಿಡ್. ಅದರಲ್ಲಿ NO2 ಕರಗಿರುವುದರಿಂದ ಕಂದು ಬಣ್ಣ ಇರುತ್ತದೆ. ಗಾಳಿ ಊದಿ ಅದನ್ನು ತೆಗೆದರೆ ನೀರಿನ ಥರ ತಿಳಿಯಾಗುತ್ತದೆ. ಗೊಬ್ಬರಕ್ಕೆ ಇಷ್ಟು ಸಾಕು.

ನಗರ್ತಪೇಟೆ ಕುಲುಮೆ:
ತಾಮ್ರ ಹಾಕಿದಾಗ ಏಳುವ ಕಂದು ಹೊಗೆ ಇದೇನಾ? ನಾವು ತರೋದು 68 ಅಂತ ಹೇಳುತ್ತಾರೆ.

ಟರ್ಬೈನ್ ಅಕ್ಕ:
ಅದೇ NO2. ಕಿಟಕಿ ತೆರೆದು ಕೆಲಸ ಮಾಡೋದು ಸಾಲದು ಅಣ್ಣ, ಹೊಗೆ ಎಳೆಯುವ ಹುಡ್ ಬೇಕೇ ಬೇಕು. ಉಸಿರಾಡಿದಾಗ ಏನೂ ಅನ್ನಿಸದೇ ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಎದೆ ಬಿಗಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಇನ್ನು 68ರ ವಿಷಯ. ಆಸಿಡನ್ನು ಸುಮ್ನೆ ಕುದಿಸಿ ಅದಕ್ಕಿಂತ ಗಟ್ಟಿ ಮಾಡಲಾಗದು, ಆ ಮಟ್ಟದಲ್ಲಿ ನೀರು ಮತ್ತು ಆಸಿಡ್ ಒಟ್ಟಿಗೇ ಆವಿಯಾಗುತ್ತವೆ. ನಿಮ್ಮ ಮಾಲು ನಿಧಾನ ಅಂದರೆ ಅದರಲ್ಲಿ ನೀರು ಸೇರಿರಬಹುದು. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಟ್ಟುಕೊಳ್ಳಿ. 68% ಇದ್ದರೆ ಲೀಟರ್‌ಗೆ 1.4 ಕೆಜಿ ತೂಗುತ್ತದೆ.

ಮುಳಬಾಗಿಲು ಟೊಮೆಟೊ:
ಪ್ಲಾಂಟ್‌ನಲ್ಲಿ ಏನಾದರೂ ಕೆಟ್ಟರೆ ಗೊತ್ತಾಗೋದು ಹೇಗೆ?

ಟರ್ಬೈನ್ ಅಕ್ಕ:
ಎರಡು ಹೇಳುತ್ತೇನೆ. ಒಂದು ಕಣ್ಣಿಗೆ ಕಾಣುವಂಥದ್ದು, ಇನ್ನೊಂದು ಕಾಣದೇ ಇರುವಂಥದ್ದು.

ಕಾಣುವುದು ಚಿಮಣಿ. ಏಪ್ರಿಲ್ ಬಂತೆಂದರೆ ನಮ್ಮ ಕಡೆ ಕೂಲಿಂಗ್ ನೀರಿನ ಬಿಸಿ ಏರುತ್ತದೆ. ಟವರ್ ತಂಪಾಗುವುದಿಲ್ಲ, NO ಬೇಗ NO2 ಆಗುವುದಿಲ್ಲ, ಆಸಿಡ್‌ಗೆ ಹಿಡಿಯದ ಅನಿಲ ಮೇಲಕ್ಕೆ ಹೋಗುತ್ತದೆ. ಹಳೆಯ ಪ್ಲಾಂಟ್‌ಗಳಲ್ಲಿ ಚಿಮಣಿಯಿಂದ ಹಳದಿ ಹೊಗೆ ಕಂಡರೆ ಹೀಗೇ. ನಾವು ಮಾಡುತ್ತಿದ್ದದ್ದು ಲೋಡ್ ಇಳಿಸೋದು, ಮೇಲಿನ ಕಾಯಿಲ್‌ಗಳಿಗೆ ತಣ್ಣನೆಯ ಚಿಲ್ಡ್ ನೀರು ಹಾಕೋದು. ಈಗ ಹೊರಹೋಗುವ ಅನಿಲಕ್ಕೆ ಸ್ವಲ್ಪ ಅಮೋನಿಯಾ ಬೆರೆಸಿ ಇನ್ನೊಂದು ವೇಗವರ್ಧಕದ ಮೇಲೆ ಹಾಯಿಸುತ್ತಾರೆ, ಅದು ಸಾರಜನಕ ಮತ್ತು ನೀರಾಗಿ ಹೋಗುತ್ತದೆ. ಆದರೆ ಹಳದಿ ಇಲ್ಲ ಅಂದರೆ ಎಲ್ಲ ಸ್ವಚ್ಛ ಅಂತಲ್ಲ. ಜಾಲರಿಯಲ್ಲೇ ಸ್ವಲ್ಪ N2O ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ನೀರಿಗೂ ಹಿಡಿಯುವುದಿಲ್ಲ. ಭೂಮಿ ಬಿಸಿ ಮಾಡುವುದರಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ನ ಸುಮಾರು 270 ಪಟ್ಟು. ಅದಕ್ಕೆ ಗಾಜ್‌ನ ಕೆಳಗೇ ಬೇರೆ ವೇಗವರ್ಧಕ ತುಂಬಬೇಕು.

ಕಾಣದೇ ಇರುವುದು ಅಮೋನಿಯಾ ತಪ್ಪಿಸಿಕೊಳ್ಳೋದು. ಅಮೋನಿಯಾ ಜೊತೆ ಕಂಪ್ರೆಸರ್ ಎಣ್ಣೆಯ ಹನಿ, ಪೈಪಿನ ತುಕ್ಕಿನ ಧೂಳು ಬಂದು ಗಾಜ್ ಮೇಲೆ ಕೂತರೆ ಆ ಜಾಗ ಕೆಲಸ ಮಾಡುವುದಿಲ್ಲ. ನೋಡುವ ಕಿಂಡಿಯಲ್ಲಿ ಇಡೀ ಜಾಲರಿ ಒಂದೇ ಬಣ್ಣದಲ್ಲಿ ಹೊಳೆಯಬೇಕು. ಕಪ್ಪು ಮಚ್ಚೆ ಕಂಡರೆ ಅಲ್ಲಿಂದ ಅಮೋನಿಯಾ ಉರಿಯದೇ ದಾಟುತ್ತಿದೆ. ಅದು ಮುಂದೆ ತಣ್ಣನೆಯ ಪೈಪಿನಲ್ಲಿ ಸಾರಜನಕದ ಆಕ್ಸೈಡ್‌ಗಳ ಜೊತೆ ಸೇರಿ ಅಮೋನಿಯಂ ನೈಟ್ರೈಟ್, ನೈಟ್ರೇಟ್ ಉಪ್ಪಾಗಿ ಕೂರುತ್ತದೆ. ಅದು ಸಿಡಿಯುವ ವಸ್ತು. ಅದಕ್ಕೇ ಕೂಲರ್‌ನಲ್ಲಿ ಇಳಿಯುವ ಮೊದಲ ದ್ರವದಲ್ಲಿ ಅಮೋನಿಯಂ ಎಷ್ಟಿದೆ ಅಂತ ಲ್ಯಾಬ್‌ನಲ್ಲಿ ನೋಡುತ್ತಾರೆ, ಕಂಪ್ರೆಸರ್‌ಗೆ ಆಗಾಗ ಹಬೆ ಹಾಕಿ ತೊಳೆಯುತ್ತಾರೆ. ಸ್ಟಾರ್ಟ್ ಮಾಡುವ ಹೊತ್ತಿನಲ್ಲೇ ಇದು ಜಾಸ್ತಿ, ಗಾಜ್ ಪೂರ್ತಿ ಹೊತ್ತಿರುವುದಿಲ್ಲ.

ಗೊಬ್ಬರದಂಗಡಿ:
ಈಗ ಆಸಿಡ್ ಆಯಿತು. ಅದರಿಂದ ಗೊಬ್ಬರ?

ಟರ್ಬೈನ್ ಅಕ್ಕ:
ಟೊಮೆಟೊ ಅಣ್ಣನ ಚೀಲವನ್ನೇ ಲೆಕ್ಕ ಹಾಕೋಣ. 25 ಕೆಜಿಯಲ್ಲಿ 14.4% ಅಂದರೆ 3.6 ಕೆಜಿ ಸಾರಜನಕ ನೈಟ್ರೇಟ್ ರೂಪದಲ್ಲಿದೆ. ಅಷ್ಟಕ್ಕೆ ನೀರಿಲ್ಲದ ಲೆಕ್ಕದಲ್ಲಿ 16 ಕೆಜಿ ನೈಟ್ರಿಕ್ ಆಸಿಡ್ ಬೇಕು. ಆ ಆಸಿಡ್‌ಗೆ ಅಮೋನಿಯಾ ಲೆಕ್ಕದ ಪ್ರಕಾರ 4.4 ಕೆಜಿ, ನಷ್ಟ ಸೇರಿಸಿದರೆ 4.6. ಚೀಲದಲ್ಲಿರುವ 1.1% ಭಾಗಕ್ಕೆ ಇನ್ನೊಂದು ಮುನ್ನೂರು ಗ್ರಾಂ ಚಿಲ್ಲರೆ, ಅದನ್ನು ಉರಿಸುವುದಿಲ್ಲ, ನೇರ ಬೆರೆಸುತ್ತಾರೆ. ಒಟ್ಟು ಸುಮಾರು 5 ಕೆಜಿ ಅಮೋನಿಯಾ. ಜೊತೆಗೆ 12 ಕೆಜಿ ಹತ್ತಿರ ಸುಣ್ಣದ ಕಲ್ಲು. ಆಸಿಡ್‌ಗೆ ಸುಣ್ಣದ ಕಲ್ಲು ಹಾಕಿದರೆ ನೊರೆ ಎದ್ದು 5 ಕೆಜಿ ಕಾರ್ಬನ್ ಡೈಆಕ್ಸೈಡ್ ಹೋಗುತ್ತದೆ. ಹರಳಿನೊಳಗೆ ನೀರೂ ಉಳಿಯುತ್ತದೆ. ಕೂಡಿ ಕಳೆದು ನೋಡಿ, 25 ಬರುತ್ತದೆ.

ಇನ್ನೊಂದು ದಾರಿ ನಾರ್ವೆಯ ಒಡ್ಡಾ ಊರಿನದು. ಅಲ್ಲಿ ಎರ್ಲಿಂಗ್ ಯೋನ್ಸನ್ ಅನ್ನುವವರು 1920ರ ದಶಕದಲ್ಲಿ ಕಂಡುಕೊಂಡದ್ದು. ರಾಕ್ ಫಾಸ್ಫೇಟನ್ನು ಸಲ್ಫ್ಯೂರಿಕ್ ಆಸಿಡ್ ಬದಲು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ ತಂಪು ಮಾಡಿದರೆ ಕ್ಯಾಲ್ಸಿಯಂ ನೈಟ್ರೇಟ್ ಹರಳಾಗಿ ಬೇರೆಯಾಗುತ್ತದೆ. ಉಳಿದ ದ್ರವಕ್ಕೆ ಅಮೋನಿಯಾ ಕೊಟ್ಟರೆ ಸಾರಜನಕ ಮತ್ತು ರಂಜಕ ಎರಡೂ ಇರುವ ಗೊಬ್ಬರ. ಜಿಪ್ಸಂ ಗುಡ್ಡ ಬೀಳುವುದಿಲ್ಲ, ಆಸಿಡ್‌ನ ನೈಟ್ರೇಟ್ ಕೂಡ ಗೊಬ್ಬರವಾಗಿಯೇ ಹೋಗುತ್ತದೆ. ಟ್ರಾಂಬೆಯ ಸುಫಲಾ 15:15:15, ಭರೂಚ್‌ನ 20:20:00 ಇವು ನೈಟ್ರೋಫಾಸ್ಫೇಟ್ ಜಾತಿಯವು. ಅಂಗಡಿಯವರೇ, ನೀವು ಮಾರಿರುತ್ತೀರಿ.

ಹೆಚ್ಚು ಆಸಿಡ್ ಹೋಗೋದು ಅಮೋನಿಯಂ ನೈಟ್ರೇಟ್‌ಗೆ. ಆಸಿಡ್‌ಗೆ ಮತ್ತೆ ಅಮೋನಿಯಾವನ್ನೇ ಸೇರಿಸೋದು. ಅಂದರೆ ಅರ್ಧ ಅಮೋನಿಯಾ ಉರಿಸಿ ಆಸಿಡ್ ಮಾಡಿ, ಇನ್ನರ್ಧವನ್ನು ಹಾಗೇ ಅದಕ್ಕೆ ಕೊಡೋದು. ನಮ್ಮಲ್ಲಿ ಅದಕ್ಕೆ ಸುಣ್ಣದ ಕಲ್ಲಿನ ಪುಡಿ ಬೆರೆಸಿ ಸಿಎಎನ್ ಅಂತ ಗೊಬ್ಬರವಾಗಿ ಮಾರುತ್ತಾರೆ. ಬರೀ ಅಮೋನಿಯಂ ನೈಟ್ರೇಟ್ ಮೇಲೆ 2012ರ ನಿಯಮಗಳಿವೆ, ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. 2020ರಲ್ಲಿ ಬೈರೂತ್ ಬಂದರಿನಲ್ಲಿ ಸಿಡಿದದ್ದು ಇದೇ, 2,750 ಟನ್.

ರಸಾಯನ ಮೇಷ್ಟ್ರು:
ಹಾಗಾದರೆ ಒಂದು ಪ್ರಶ್ನೆ. ಅಮೋನಿಯಾ ಮಾಡೋಕೆ ಅಷ್ಟು ಶಕ್ತಿ ಸುರಿದು, ಮತ್ತೆ ಅದನ್ನೇ ಉರಿಸೋದು ದಂಡ ಅಲ್ವಾ? ಯೂರಿಯಾವೇ ಜಾಣತನ.

ಟರ್ಬೈನ್ ಅಕ್ಕ:
ಅಮೋನಿಯಾ ಲೆಕ್ಕದಲ್ಲಿ ದಂಡ ಅಲ್ಲ. ಒಂದು ಕೆಜಿ ಸಾರಜನಕ ಚೀಲಕ್ಕೆ ಸೇರಬೇಕೆಂದರೆ ಯೂರಿಯಾ ಆದರೂ ಅಮೋನಿಯಂ ನೈಟ್ರೇಟ್ ಆದರೂ ಸುಮಾರು 1.25 ಕೆಜಿ ಅಮೋನಿಯಾ ಬೇಕು, ಹೆಚ್ಚು ಕಡಿಮೆ ಒಂದೇ. ಉರಿದ ಶಾಖ ಹಬೆಯಾಗಿ ವಾಪಸ್ ಸಿಗುತ್ತದೆ. ಅದರಲ್ಲಿ ಕಂಪ್ರೆಸರ್ ತಿರುಗಿಸಿ ಇನ್ನೂ ಉಳಿಯುತ್ತದೆ. ಯೂರಿಯಾ ಗೆಲ್ಲೋದು ಬೇರೆ ಕಾರಣಕ್ಕೆ. 46% ಇರುವುದರಿಂದ ಲಾರಿಗೆ ಕಡಿಮೆ ಭಾರ, ಸಿಡಿಯುವ ಭಯವಿಲ್ಲ, ಪ್ಲಾಟಿನಂ ಬೇಡ, ಸರ್ಕಾರದ ಸಬ್ಸಿಡಿ ಇದೆ.

ಹೊಲದ ಹುಡುಗ:
ಹಾಗಾದರೆ ನೈಟ್ರೇಟ್‌ಗೆ ಯಾಕೆ ಜಾಸ್ತಿ ದುಡ್ಡು ಕೊಡಬೇಕು? ಬೆಳೆಗೆ ವ್ಯತ್ಯಾಸ ಗೊತ್ತಾಗುತ್ತಾ?

ಮುಳಬಾಗಿಲು ಟೊಮೆಟೊ:
ಹಣ್ಣಿನ ತಳ ಕಪ್ಪಾಗದಿರಲಿ ಅಂತ ಕ್ಯಾಲ್ಸಿಯಂಗೋಸ್ಕರ ನಾನು ಹಾಕೋದು. ನೈಟ್ರೇಟ್ ಬೇರಿಗೆ ನೇರ ಸಿಗುತ್ತದೆ, ಯೂರಿಯಾ ಮಣ್ಣಿನಲ್ಲಿ ಬದಲಾಗಬೇಕು, ಅಷ್ಟರಲ್ಲಿ ಒಂದಷ್ಟು ಅಮೋನಿಯಾ ಆಗಿ ಹಾರಿಹೋಗುತ್ತದೆ. ಆದರೆ ಜೋರು ಮಳೆ ಬಂದರೆ ನೈಟ್ರೇಟ್ ಕೆಳಗೆ ಇಳಿದುಹೋಗುತ್ತದೆ. ಡ್ರಿಪ್‌ನಲ್ಲಿ ಸ್ವಲ್ಪ ಸ್ವಲ್ಪ ಕೊಡೋದು ಅದಕ್ಕೇ.

ಗೊಬ್ಬರದಂಗಡಿ:
ರಾಗಿಗೆ, ಜೋಳಕ್ಕೆ ಇದನ್ನು ಹಾಕಿ ಅಂತ ನಾನು ಯಾವತ್ತೂ ಹೇಳಿಲ್ಲ. ಯೂರಿಯಾವನ್ನೇ ಎರಡು ಸಲ ಮಾಡಿ ಕೊಟ್ಟರೆ ಸಾಕು.

ಟರ್ಬೈನ್ ಅಕ್ಕ:
ಬೆಳೆಯ ವಿಷಯ ನಿಮಗೇ ಬಿಟ್ಟದ್ದು. ಆದರೆ ಯುರೋಪಿನವರು ಗೋಧಿಗೂ ನೈಟ್ರೇಟ್ ಹಾಕುತ್ತಾರೆ. ಅಲ್ಲಿನ ತಣ್ಣನೆಯ ಮಣ್ಣಿನಲ್ಲಿ ಯೂರಿಯಾ ನಿಧಾನ. ನಮ್ಮ ಬಿಸಿ ಮಣ್ಣಿಗೆ ಅದೇ ವಾದ ಹೊಂದುತ್ತದೆಯಾ ಅನ್ನೋದರ ಮೇಲೆ ಕೃಷಿ ವಿವಿಯವರು ಯಾರಾದರೂ ಇದ್ದರೆ ಬರೆಯಲಿ.

ರಸಾಯನ ಮೇಷ್ಟ್ರು:
ಅಕ್ಕ, ಆ ಪ್ಲಾಂಟ್‌ನ ಫೋಟೋ ಇದ್ದರೆ ಹಾಕಿ, ಕ್ಲಾಸಿನಲ್ಲಿ ತೋರಿಸುತ್ತೇನೆ. ವೇಗವರ್ಧಕ ಖರ್ಚಾಗುವುದಿಲ್ಲ ಅಂತಲೇ ಪಾಠ ಮಾಡುತ್ತೇನೆ, ಪರೀಕ್ಷೆಗೆ ಅದೇ ಬೇಕು.

ಟರ್ಬೈನ್ ಅಕ್ಕ:
ಒಳಗೆ ಫೋನ್ ಬಿಡುತ್ತಿರಲಿಲ್ಲ ಮೇಷ್ಟ್ರೇ. ಪರೀಕ್ಷೆಗೆ ಹಾಗೇ ಬರೆಯಲಿ, ಕೆಲಸಕ್ಕೆ ಸೇರಿದ ಮೇಲೆ ಗಾಜ್ ತೂಕ ಮಾಡುವ ದಿನ ಗೊತ್ತಾಗುತ್ತದೆ.